ಲಗ್ನಪತ್ರಿಕೆಯ ಅಕ್ಷರ ಎಲ್ಲಿ ಕರಗಿತು? ಫೈಲ್ ಪರಿವರ್ತನೆಯ ನಷ್ಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಲಗ್ನಪತ್ರಿಕೆ, ಫ್ಲೆಕ್ಸ್ ಮತ್ತು ಸ್ಕ್ಯಾನಿಂಗ್ ಕೆಲಸದ ಒಂದು ಸಣ್ಣ ಡಿಟಿಪಿ ಅಂಗಡಿಯನ್ನು ನಾನು ನಡೆಸುತ್ತೇನೆ. ಕೌಂಟರಿನ ಆಚೆ ನಿಂತವರು ಕೇಳಿದ, ಪತ್ರದಲ್ಲಿ ಬರೆದು ಕಳಿಸಿದ, ಪತ್ರಿಕೆಯ ಪ್ರೂಫ್ ನೋಡುತ್ತ ತಕರಾರು ತೆಗೆದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬಂದವನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಮೊದಲಿನವು ಈಗಷ್ಟೇ ಕಂಪ್ಯೂಟರ್ ಹಿಡಿದವರಿಗೆ. ಕೊನೆಯವು ದಿನವೂ ಫೈಲುಗಳೊಡನೆ ಏಗುವವರಿಗೆ.

### ಮೊದಲಿಗೆ ತಿಳಿಯಬೇಕಾದವು

ಅಣ್ಣಾ, ಕನ್ವರ್ಟ್ ಮಾಡಿದ್ರೆ ಫೈಲ್ ಹಾಳಾಗುತ್ತೆ ಅಂತಾರಲ್ಲ, ಎಲ್ಲಾ ಸಲಾನೂ ಹಾಳಾಗುತ್ತಾ?

ಇಲ್ಲ. ಪರಿವರ್ತನೆಯಲ್ಲಿ ಎರಡು ಬಗೆಗಳಿವೆ. ನಮ್ಮ ಕಡೆಯ ಹತ್ತಿಯನ್ನು ಜಿನ್ನಿಂಗ್ ಕಾರ್ಖಾನೆಯಲ್ಲಿ ಒತ್ತಿ ಅಂಡಿಗೆ ಕಟ್ಟುತ್ತಾರೆ. ಅಂಡಿಗೆ ತೆಗೆದುಕೊಳ್ಳುವ ಜಾಗ ಕಡಿಮೆ, ಆದರೆ ಬಿಚ್ಚಿದಾಗ ಕಟ್ಟಿದಷ್ಟೂ ಹತ್ತಿ ಮರಳಿ ಬರುತ್ತದೆ. ಇದು ನಷ್ಟರಹಿತ, ಅಂದರೆ ಲಾಸ್‌ಲೆಸ್ ಪರಿವರ್ತನೆ. ಬೆಣ್ಣೆಯನ್ನು ಕಾಯಿಸಿ ತುಪ್ಪ ಮಾಡುವುದು ಇನ್ನೊಂದು ಬಗೆ. ತುಪ್ಪ ತೂಕದಲ್ಲಿ ಕಡಿಮೆ, ಬಾಳಿಕೆ ಹೆಚ್ಚು, ಬಹಳಷ್ಟು ಕೆಲಸಕ್ಕೆ ಅದೇ ಸಾಕು. ಆದರೆ ಆವಿಯಾಗಿ ಹೋದದ್ದು ಹೋಯಿತು, ಆ ತುಪ್ಪದಿಂದ ಮತ್ತೆ ಬೆಣ್ಣೆಯನ್ನು ತೆಗೆಯಲು ಬಾರದು. ಇದು ನಷ್ಟಸಹಿತ, ಅಂದರೆ ಲಾಸಿ ಪರಿವರ್ತನೆ. ಜಿಪ್, ಚಿತ್ರದ ಪಿಎನ್‌ಜಿ, ಧ್ವನಿಯ ಫ್ಲ್ಯಾಕ್ ಇವು ಮೊದಲ ಬಗೆಯವು. ಜೆಪಿಜಿ, ಎಂಪಿ3 ಮತ್ತು ಮೊಬೈಲಿನ ಬಹುತೇಕ ವಿಡಿಯೋಗಳು ಎರಡನೆಯ ಬಗೆಯವು. ಯಾವುದು ಒಳ್ಳೆಯದು ಎಂದು ಕೇಳುವುದಕ್ಕಿಂತ, ಈ ಫೈಲಿನಿಂದ ಮುಂದೆ ನನಗೆ ಬೆಣ್ಣೆ ಬೇಕಾಗಬಹುದೇ ಎಂದು ಕೇಳಿಕೊಳ್ಳುವುದು ಸರಿ.

ಏನನ್ನೂ ಬಿಡದೆ ಚಿಕ್ಕದು ಮಾಡೋದು ಅಂದ್ರೆ ಹೇಗೆ ಸಾಧ್ಯ?

ಒಂದೇ ಸಂಗತಿಯನ್ನು ಹಲವು ಸಲ ಬರೆಯುವ ಬದಲು, ಎಷ್ಟು ಸಲ ಎಂದು ಬರೆಯುವುದರಿಂದ ಸಾಧ್ಯ. 5 ಇಂಚು ಅಗಲ, 7 ಇಂಚು ಎತ್ತರದ ಒಂದು ಲಗ್ನಪತ್ರಿಕೆಯನ್ನು ಇಂಚಿಗೆ 300 ಚುಕ್ಕೆಯಂತೆ ಚಿತ್ರವಾಗಿಸಿದರೆ ಅಡ್ಡಕ್ಕೆ 1500, ಉದ್ದಕ್ಕೆ 2100, ಒಟ್ಟು 31,50,000 ಚುಕ್ಕೆಗಳಾಗುತ್ತವೆ. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್ ಹಿಡಿದರೆ ಸುಮಾರು 9.45 ಎಂಬಿ. ಆದರೆ ಪತ್ರಿಕೆಯ ಬಹುಪಾಲು ಒಂದೇ ಹಳದಿ. ಅಕ್ಷರವಿಲ್ಲದ ಒಂದು ಸಾಲಿನಲ್ಲಿ ‘ಹಳದಿ, ಹಳದಿ, ಹಳದಿ’ ಎಂದು 1500 ಸಲ ಬರೆಯುವ ಬದಲು ‘ಹಳದಿ, 1500 ಸಲ’ ಎಂದರೆ ಮುಗಿಯಿತು. ಕೆಳಗಿನ ಸಾಲೂ ಹಾಗೆಯೇ ಇದ್ದರೆ ‘ಮೇಲಿನಂತೆ’ ಎಂದರೆ ಸಾಕು. ಪಿಎನ್‌ಜಿ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಹೀಗಾಗಿ ಸಪಾಟು ಬಣ್ಣದ ಪತ್ರಿಕೆ ಅದರಲ್ಲಿ ಬಹಳ ಚಿಕ್ಕದಾಗುತ್ತದೆ. ಚಿತ್ರದುರ್ಗದ ಕೋಟೆಯ ಕಲ್ಲುಗೋಡೆಯ ಫೋಟೋದಲ್ಲಿ ಪಕ್ಕಪಕ್ಕದ ಎರಡು ಚುಕ್ಕೆಗಳು ಒಂದೇ ಬಣ್ಣದವಾಗಿರುವುದೇ ಅಪರೂಪ. ಆದ್ದರಿಂದ ಅದನ್ನು ಪಿಎನ್‌ಜಿ ಮಾಡಿದರೆ ಗಾತ್ರ ಹೆಚ್ಚೇನೂ ಇಳಿಯುವುದಿಲ್ಲ.

ಜೆಪಿಜಿ ಮಾಡಿದ್ರೂ ಫೋಟೋ ನೋಡೋಕೆ ಹಾಗೇ ಇದೆಯಲ್ಲ, ಹೋಗಿದ್ದೇನು?

ನಿಮ್ಮ ಕಣ್ಣು ಗಮನಿಸದ್ದನ್ನೇ ಆರಿಸಿ ಬಿಡುವಂತೆ 1992ರಲ್ಲಿ ಪ್ರಕಟವಾದ ಜೆಪೆಗ್ ಮಾನಕವನ್ನು ರೂಪಿಸಿದ್ದಾರೆ. ಅದು ಎರಡು ಕಡೆ ಕತ್ತರಿ ಹಾಕುತ್ತದೆ, ಮುಂದಿನ ಉತ್ತರಗಳಿಗೆ ಈ ಎರಡು ತಿಳಿದಿದ್ದರೆ ಸಾಕು.

ಮೊದಲನೆಯದಾಗಿ, ಅದು ಬೆಳಕನ್ನೂ ಬಣ್ಣವನ್ನೂ ಬೇರ್ಪಡಿಸುತ್ತದೆ. ನಮ್ಮ ಕಣ್ಣಿಗೆ ಬೆಳಕಿನ ಏರಿಳಿತ ಸೂಕ್ಷ್ಮವಾಗಿ ಕಾಣುತ್ತದೆ, ಬಣ್ಣದ ಏರಿಳಿತ ಅಷ್ಟು ಸೂಕ್ಷ್ಮವಾಗಿ ಕಾಣುವುದಿಲ್ಲ. ಆದ್ದರಿಂದ ಸಾಮಾನ್ಯ ಬಳಕೆಯ ಜೆಪಿಜಿಯಲ್ಲಿ ಪ್ರತಿ ಚುಕ್ಕೆಯ ಬೆಳಕನ್ನು ಬೇರೆಬೇರೆಯಾಗಿಯೂ, ಬಣ್ಣವನ್ನು ಮಾತ್ರ ಎರಡಕ್ಕೆರಡರ ನಾಲ್ಕು ಚುಕ್ಕೆಗಳಿಗೆ ಒಂದರಂತೆ ಸರಾಸರಿ ತೆಗೆದೂ ಇಡುತ್ತಾರೆ. ಎರಡನೆಯದಾಗಿ, ಚಿತ್ರವನ್ನು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಚೌಕಗಳಾಗಿ ಹೋಳು ಮಾಡಿ, ಪ್ರತಿ ಚೌಕದಲ್ಲಿ ನಿಧಾನವಾಗಿ ಬದಲಾಗುವ ಛಾಯೆ ಎಷ್ಟು, ಥಟ್ಟನೆ ಬದಲಾಗುವ ಗೆರೆ ಎಷ್ಟು ಎಂದು ಲೆಕ್ಕ ಹಾಕುತ್ತದೆ. ನಿಧಾನದ ಛಾಯೆಯ ಲೆಕ್ಕವನ್ನು ಜೋಪಾನವಾಗಿ ಇಟ್ಟು, ಸೂಕ್ಷ್ಮ ಗೆರೆಯ ಲೆಕ್ಕವನ್ನು ಒರಟಾಗಿ ದುಂಡಾಗಿಸುತ್ತದೆ. ಸಂತೆಯಲ್ಲಿ 103 ರೂಪಾಯಿಯನ್ನು ನೂರು ಎಂದು ಮುಗಿಸಿದಂತೆ, 3 ರೂಪಾಯಿಯನ್ನು ಸೊನ್ನೆ ಎಂದು ಬಿಟ್ಟಂತೆ. ಮುಖ, ಮೋಡ, ಹೊಲದ ಫೋಟೋಗಳಲ್ಲಿ ಥಟ್ಟನೆಯ ಗೆರೆಗಳು ಕಡಿಮೆ ಇರುವುದರಿಂದ ಈ ರಿಯಾಯಿತಿ ಕಣ್ಣಿಗೆ ಬೀಳುವುದಿಲ್ಲ.

ಜೆಪಿಜಿ ಇರೋದನ್ನ ಪಿಎನ್‌ಜಿ ಮಾಡಿಕೊಡಿ, ಕ್ಲಿಯರ್ ಆಗುತ್ತೆ ಅಂತ ಹೇಳಿದ್ರು.

ಹೇಳಿದವರು ತಪ್ಪು ಹೇಳಿದ್ದಾರೆ. ತುಪ್ಪವನ್ನು ಬೆಣ್ಣೆಯ ಪಾತ್ರೆಗೆ ಸುರಿದರೆ ಅದು ಬೆಣ್ಣೆಯಾಗುವುದಿಲ್ಲ. ಜೆಪಿಜಿಯ ಮಸುಕು, ಅಕ್ಷರದ ಸುತ್ತಲಿನ ಕೊಳೆ, ಚೌಕದ ಗುರುತು ಇವೆಲ್ಲವನ್ನೂ ಪಿಎನ್‌ಜಿ ಒಂದು ಚುಕ್ಕೆಯೂ ಬಿಡದಂತೆ ನಿಷ್ಠೆಯಿಂದ ಉಳಿಸುತ್ತದೆ, ಮತ್ತು ಕೊಳೆಯನ್ನೂ ಬರೆದಿಡಬೇಕಾದ್ದರಿಂದ ಫೈಲ್ ದೊಡ್ಡದಾಗುತ್ತದೆ. ಗಾತ್ರ ಹೆಚ್ಚಾದದ್ದನ್ನು ನೋಡಿ ಗುಣಮಟ್ಟ ಹೆಚ್ಚಾಯಿತೆಂದು ಜನ ಮೋಸಹೋಗುವುದು ಇಲ್ಲಿಯೇ. ಇದರಿಂದ ಇರುವ ನಿಜವಾದ ಉಪಯೋಗ ಒಂದೇ: ಆ ಚಿತ್ರವನ್ನು ಇನ್ನೂ ಹತ್ತು ಸಲ ತಿದ್ದಬೇಕಿದ್ದರೆ, ಮೊದಲು ಪಿಎನ್‌ಜಿಗೆ ತಂದುಕೊಂಡು ತಿದ್ದಿದರೆ ಈಗಿರುವ ನಷ್ಟಕ್ಕೆ ಹೊಸ ನಷ್ಟ ಸೇರುವುದಿಲ್ಲ.

### ಕೆಲಸಕ್ಕೆ ಇಳಿದಾಗ ಏಳುವವು

ಹಂಗಾದ್ರೆ ಯಾವ ಥರದ ಫೈಲ್ ಜಾಸ್ತಿ ಹೊಡೆತ ತಿನ್ನುತ್ತೆ?

ಅಕ್ಷರ ಮತ್ತು ಗೆರೆ ಇರುವ ಚಿತ್ರ, ಅನುಮಾನವೇ ಬೇಡ. ಲಗ್ನಪತ್ರಿಕೆ, ರಸೀದಿ, ಅಂಕಪಟ್ಟಿ, ಪಹಣಿಯ ಪ್ರತಿ, ಲೋಗೋ, ಮನೆಯ ನಕ್ಷೆ, ಪರದೆಯ ಸ್ಕ್ರೀನ್‌ಶಾಟ್ ಇವೆಲ್ಲ ಈ ಗುಂಪಿನವು. ಜೆಪಿಜಿ ಬಿಟ್ಟುಕೊಡುವುದು ಥಟ್ಟನೆ ಬದಲಾಗುವ ಅಂಚುಗಳನ್ನು. ಅಕ್ಷರವೆಂದರೆ ಬರೀ ಅಂಚು.

ಕನ್ನಡಕ್ಕೆ ಈ ಹೊಡೆತ ಇನ್ನಷ್ಟು ಜೋರು. ಬ ಮತ್ತು ಭ, ದ ಮತ್ತು ಧ, ಡ ಮತ್ತು ಢ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸೀಳು ಮಾತ್ರ. ಪ ಮತ್ತು ಷ ನಡುವೆ ಇರುವುದು ಶಾಲೆಯಲ್ಲಿ ಮೇಷ್ಟ್ರು ‘ಹೊಟ್ಟೆ ಸೀಳಿದ ಷ’ ಎಂದು ಹೇಳಿಕೊಟ್ಟ ಒಂದು ಗೆರೆ. ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಎಷ್ಟೋ ಚಿಕ್ಕವು. ಮಸುಕು ಮೊದಲು ನುಂಗುವುದು ಇವುಗಳನ್ನೇ.

ಬಣ್ಣವೂ ಸೇರಿದರೆ ಕೆಲಸ ಪೂರಾ ಕೆಡುತ್ತದೆ. ಬಿಳಿಯ ಮೇಲಿನ ಕಪ್ಪು ಅಕ್ಷರದ ವ್ಯತ್ಯಾಸವೆಲ್ಲ ಬೆಳಕಿನದು, ಅದು ಪ್ರತಿ ಚುಕ್ಕೆಗೂ ಉಳಿಯುತ್ತದೆ. ಅರಿಶಿನದ ಹಿನ್ನೆಲೆಯ ಮೇಲೆ ಕುಂಕುಮದ ಬಣ್ಣದ ಅಕ್ಷರವಾದರೆ ಬೆಳಕಿನ ವ್ಯತ್ಯಾಸ ಕಡಿಮೆ, ಬಣ್ಣದ ಪಾಲು ಹೆಚ್ಚು. ಆ ಬಣ್ಣವನ್ನೇ ನಾಲ್ಕು ಚುಕ್ಕೆಗೆ ಒಂದರಂತೆ ಸರಾಸರಿ ಮಾಡಿರುತ್ತಾರೆ. ಪರಿಣಾಮವಾಗಿ ಅಂಚಿನಲ್ಲಿ ಕೆಂಪೂ ಅಲ್ಲದ ಹಳದಿಯೂ ಅಲ್ಲದ ಕಂದು ಕಲೆ ಹರಡುತ್ತದೆ. ನಮ್ಮ ಸಂಪ್ರದಾಯ ಮೆಚ್ಚುವ ಬಣ್ಣದ ಜೋಡಿಯೇ ಜೆಪಿಜಿಗೆ ಒಗ್ಗದ ಜೋಡಿಯೂ ಆಗಿರುವುದನ್ನು ನೆನೆದರೆ ನಗು ಬರುತ್ತದೆ, ಪ್ರೂಫ್ ತಿದ್ದುವಾಗ ಮಾತ್ರ ಬರುವುದಿಲ್ಲ.

ಫೋಟೋಗಳಿಗೆ ನಷ್ಟ ಆಗುವುದಿಲ್ಲವೆಂದಲ್ಲ, ಒಂದೆರಡು ಸಲದ ಮಟ್ಟಿಗೆ ಅವು ತಡೆದುಕೊಳ್ಳುತ್ತವೆ.

ನಮ್ಮ ದೊಡ್ಡ ಮಗಳ ಪತ್ರಿಕೆ ಮೊಬೈಲ್‌ನಲ್ಲೇ ಇದೆ, ಅದನ್ನೇ ಇಟ್ಕೊಂಡು ಫ್ಲೆಕ್ಸ್ ಮಾಡಿದ್ರೆ ಆಗಲ್ವಾ?

ಹೊಳಲ್ಕೆರೆ ಕಡೆಯ ಯಜಮಾನರೊಬ್ಬರು ಇದೇ ಮಾತು ಹೇಳಿ ಮೊಬೈಲ್ ಮುಂದಿಟ್ಟರು. ಅವರ ಪತ್ರಿಕೆಯ ಅಳತೆಯೂ ಮೇಲೆ ಹೇಳಿದ 5ಕ್ಕೆ 7 ಇಂಚಿನದೇ ಆಗಿದ್ದರಿಂದ, ಅದು ನಡೆದು ಬಂದ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕಬಹುದು.

ಮೂಲದಲ್ಲಿ ಅದು ಕೋರೆಲ್‌ಡ್ರಾದ ಸಿಡಿಆರ್ ಫೈಲ್. ಅದರಲ್ಲಿ ಅಕ್ಷರಗಳು ಚುಕ್ಕೆಗಳಾಗಿರುವುದಿಲ್ಲ, ಗೆರೆಯ ಸೂತ್ರಗಳಾಗಿರುತ್ತವೆ; ಎಷ್ಟು ಅಡಿಗೆ ಹಿಗ್ಗಿಸಿದರೂ ಅಂಚು ಚೂಪಾಗಿಯೇ ಉಳಿಯುತ್ತದೆ. ಜೆಪಿಜಿಗೆ ಎಕ್ಸ್‌ಪೋರ್ಟ್ ಮಾಡಿದ ಕ್ಷಣ ಸೂತ್ರ ಹೋಗಿ 1500 ಚುಕ್ಕೆ ಅಗಲದ ಚಿತ್ರವಾಯಿತು. ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ಅತಿ ದೊಡ್ಡ ನಷ್ಟ ಇದು, ಆದರೂ ಪರದೆಯ ಮೇಲೆ ಏನೂ ಬದಲಾದಂತೆ ಕಾಣದ ಕಾರಣ ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಜೆಪಿಜಿಯನ್ನು ಮೊಬೈಲಿನ ಸಂದೇಶದ ಆಪ್‌ನಲ್ಲಿ ಮಾಮೂಲಿ ಫೋಟೋ ಎಂದು ಕಳಿಸಿದಾಗ, ಉದ್ದದ ಬದಿ ಸುಮಾರು 1600 ಚುಕ್ಕೆಗೆ ಇಳಿದು, ಅಗಲ 1143 ಆಯಿತು, ಮತ್ತು ಹೊಸದಾಗಿ ಇನ್ನೊಮ್ಮೆ ಜೆಪಿಜಿಯಾಯಿತು. ತಲುಪಿದ ನೆಂಟರೊಬ್ಬರು ಅದನ್ನು ತೆರೆದು ಸ್ಕ್ರೀನ್‌ಶಾಟ್ ತೆಗೆದರು. ಅವರ ಪರದೆಯ ಅಗಲ 1080 ಚುಕ್ಕೆ, ಪತ್ರಿಕೆಯ ಅಗಲವೂ ಅಷ್ಟೇ ಆಯಿತು. ಸ್ಕ್ರೀನ್‌ಶಾಟಿನಲ್ಲಿ ಪತ್ರಿಕೆಯ ಮೇಲೆ ಕೆಳಗೆ ಕಪ್ಪು ಪಟ್ಟಿಯೂ ಸೇರಿಕೊಂಡು ಒಟ್ಟು ಎತ್ತರ 2400 ಆಗಿತ್ತು. ಅದನ್ನು ಯಜಮಾನರಿಗೆ ಕಳಿಸುವಾಗ ಮತ್ತೆ 1600ಕ್ಕೆ ಇಳಿಸಬೇಕಾಗಿ ಬಂದು, ಪತ್ರಿಕೆಯ ಅಗಲ 720ಕ್ಕೆ ಕುಸಿಯಿತು. ಕಪ್ಪು ಪಟ್ಟಿಗೂ ಚುಕ್ಕೆಗಳಲ್ಲಿ ಪಾಲು ಕೊಟ್ಟ ಫಲ ಇದು.

ಈಗ ಒಂದು ಅಕ್ಷರವನ್ನು ಹತ್ತಿರದಿಂದ ನೋಡೋಣ. ಪತ್ರಿಕೆಯಲ್ಲಿ ‘ವೃಷಭ ಲಗ್ನ’ ಎಂಬುದು 12 ಪಾಯಿಂಟಿನಲ್ಲಿತ್ತು; 300 ಚುಕ್ಕೆಯ ಲೆಕ್ಕದಲ್ಲಿ ಅದರ ಎತ್ತರಕ್ಕೆ 50 ಚುಕ್ಕೆ, ಭಕಾರದ ಸೀಳಿಗೆ ಸುಮಾರು 4 ಚುಕ್ಕೆ. ಯಜಮಾನರ ಮೊಬೈಲಿಗೆ ಬರುವ ಹೊತ್ತಿಗೆ ಎತ್ತರ 24, ಸೀಳು 2 ಚುಕ್ಕೆ, ಅದರ ಬಣ್ಣಕ್ಕೆ ಉಳಿದದ್ದು ಒಂದೇ ಚುಕ್ಕೆಯಷ್ಟು ಜಾಗ. ಹಿಗ್ಗಿಸಿ ನೋಡಿದರೆ ‘ವೃಪಬ’ ಎಂದೇ ಓದಬೇಕು. ಲಗ್ನದ ಹೆಸರನ್ನು ಊಹಿಸಬಹುದು; ಕೆಳಗಿನ ಫೋನ್ ನಂಬರಿನಲ್ಲಿ ಇರುವುದು 3 ಅಥವಾ 8 ಎಂಬುದನ್ನು ಊಹಿಸಲಾಗದು. ಇದನ್ನು 4 ಅಡಿ ಅಗಲದ ಫ್ಲೆಕ್ಸಿಗೆ ಹಿಗ್ಗಿಸಿದರೆ ಇಂಚಿಗೆ ಸಿಗುವುದು 15 ಚುಕ್ಕೆ. ಫ್ಲೆಕ್ಸನ್ನು ದೂರದಿಂದ ನೋಡುತ್ತಾರೆಂಬ ಸಮಾಧಾನ ದೊಡ್ಡ ಅಕ್ಷರಗಳಿಗೆ ಸಲ್ಲಬಹುದು, ನಂಬರಿಗೆ ಸಲ್ಲದು. ನಾವು ಮೊದಲ ಪತ್ರಿಕೆಯನ್ನು ಅಚ್ಚು ಹಾಕಿದ್ದ ಅಂಗಡಿಯಿಂದ ಸಿಡಿಆರ್ ತರಿಸಿಕೊಂಡು ಕೆಲಸ ಮುಗಿಸಿದೆವು; ಅದು ಸಿಗದಿದ್ದರೆ ಪೂರ್ತಿ ಹೊಸದಾಗಿ ಟೈಪ್ ಮಾಡುವುದೇ ದಾರಿಯಾಗಿತ್ತು.

ಫೈಲನ್ನು ಮೊಬೈಲಿನಲ್ಲೇ ಕಳಿಸಬೇಕಿದ್ದರೆ ಫೋಟೋ ಎಂದು ಆರಿಸದೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ. ಆಗ ಆಪ್ ಅದರ ಒಳಗೆ ಕೈಹಾಕದೆ, ಇದ್ದಂತೆ ತಲುಪಿಸುತ್ತದೆ.

ಒಂದೇ ಜೆಪಿಜಿನ ಎಷ್ಟು ಸಲ ಓಪನ್ ಮಾಡಿದ್ರೆ ಹಾಳಾಗುತ್ತೆ?

ತೆರೆದು ನೋಡುವುದರಿಂದ, ಹೆಸರು ಬದಲಿಸುವುದರಿಂದ, ಪೆನ್‌ಡ್ರೈವಿಗೆ ಕಾಪಿ ಮಾಡುವುದರಿಂದ, ಇಮೇಲಿಗೆ ಲಗತ್ತಿಸುವುದರಿಂದ ಸಾವಿರ ಸಲವಾದರೂ ಏನೂ ಆಗುವುದಿಲ್ಲ. ನಷ್ಟ ಆಗುವುದು ತಿದ್ದಿ ಮತ್ತೆ ಜೆಪಿಜಿಯಾಗಿ ಸೇವ್ ಮಾಡಿದಾಗ. ಅಲ್ಲಿಯೂ ಒಂದು ಸೂಕ್ಷ್ಮವಿದೆ: ಅದೇ ತಂತ್ರಾಂಶದಲ್ಲಿ, ಅದೇ ಕ್ವಾಲಿಟಿಯಲ್ಲಿ, ಏನನ್ನೂ ಬದಲಿಸದೆ ಸೇವ್ ಮಾಡಿದರೆ ಈಗಾಗಲೇ ದುಂಡಾಗಿರುವ ಲೆಕ್ಕಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಆದರೆ ಎಡಬದಿಯಿಂದ 3 ಚುಕ್ಕೆ ಕತ್ತರಿಸಿದಿರೆಂದುಕೊಳ್ಳಿ; ಎಲ್ಲ ಚೌಕಗಳೂ ಮೂರು ಚುಕ್ಕೆ ಸರಿದು, ಹಳೆಯ ಚೌಕದ ಅಂಚುಗಳು ಹೊಸ ಚೌಕದ ನಡುವೆ ಬಂದು, ಇಡೀ ದುಂಡಾಗಿಸುವಿಕೆ ಹೊಸದಾಗಿ ಶುರುವಾಗುತ್ತದೆ. ಗಾತ್ರ ಬದಲಿಸಿದರೂ, ಬೆಳಕು ಹೆಚ್ಚಿಸಿದರೂ ಹೀಗೆಯೇ. ಆದ್ದರಿಂದ ತಿದ್ದುವ ಪ್ರತಿಯನ್ನು ತಂತ್ರಾಂಶದ ಸ್ವಂತ ಫೈಲಾಗಿಯೋ ಪಿಎನ್‌ಜಿ, ಟಿಫ್ ಆಗಿಯೋ ಇಟ್ಟುಕೊಂಡು, ಎಲ್ಲ ಮುಗಿದ ಮೇಲೆ ಒಂದೇ ಒಂದು ಸಲ ಜೆಪಿಜಿ ಮಾಡಬೇಕು. ಟಿಫ್ ಆರಿಸುವಾಗ ಅದರೊಳಗೆ ಜೆಪೆಗ್ ಎಂಬ ಆಯ್ಕೆಯೂ ಇರಬಹುದು, ಅದನ್ನು ಮುಟ್ಟಬೇಡಿ. ಎಲ್‌ಝಡ್‌ಡಬ್ಲ್ಯೂ ಆಯ್ಕೆ ನಷ್ಟರಹಿತ.

ಅರ್ಜಿ ಹಾಕೋಕೆ ಫೋಟೋ 50 ಕೆಬಿ ಒಳಗೆ ಇರ್ಬೇಕಂತೆ. ಇಳಿಸಿದ್ರೆ ಮುಖಾನೇ ಕಾಣಲ್ಲ, ಏನ್ ಮಾಡ್ಲಿ?

ನೀವು ಕ್ವಾಲಿಟಿಯನ್ನು ಇಳಿಸಿದಿರಿ, ಅಳತೆಯನ್ನು ಇಳಿಸಲಿಲ್ಲ. ಮೊಬೈಲಿನ ಫೋಟೋ 4000ಕ್ಕೆ 3000 ಚುಕ್ಕೆ ಇದ್ದರೆ ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳು. ಬೈಟಿಗೆ ಎಂಟು ಬಿಟ್‌ನಂತೆ 50 ಕೆಬಿಯಲ್ಲಿ ಇರುವುದು ಸುಮಾರು 4 ಲಕ್ಷ ಬಿಟ್. ಒಂದು ಬಿಟ್ಟನ್ನು ಸುಮಾರು 30 ಚುಕ್ಕೆಗಳು ಹಂಚಿಕೊಳ್ಳಬೇಕಾಗುತ್ತದೆ. ಮುಖ ಚೌಕಚೌಕವಾಗದೆ ಇನ್ನೇನಾದೀತು? ಅದೇ ಫೋಟೋವನ್ನು ಮೊದಲು ಮುಖದ ಸುತ್ತ ಕತ್ತರಿಸಿ, 300ಕ್ಕೆ 400 ಚುಕ್ಕೆಗೆ ಇಳಿಸಿದರೆ ಇರುವುದು 1,20,000 ಚುಕ್ಕೆ. ಒಂದೊಂದಕ್ಕೂ ಮೂರು ಬಿಟ್ಟಿಗಿಂತ ಹೆಚ್ಚು ಸಿಗುತ್ತದೆ, ಅದು ಜೆಪಿಜಿಗೆ ಧಾರಾಳ. ಅರ್ಜಿಯಲ್ಲಿ ಚುಕ್ಕೆಯ ಅಳತೆಯನ್ನೇ ಹೇಳಿದ್ದರೆ ಅದಕ್ಕೆ ಸರಿಯಾಗಿ ಇಳಿಸಿ, ಕ್ವಾಲಿಟಿಯನ್ನು ಕೊನೆಗೆ ಮುಟ್ಟಿ.

ಇಳಿಸಿದ ಪ್ರತಿಗೆ ಬೇರೆ ಹೆಸರು ಕೊಡಿ. ಮೂಲದ ಮೇಲೆಯೇ ಸೇವ್ ಮಾಡಿ, ಮುಂದಿನ ವರ್ಷ ಅದೇ 30 ಕೆಬಿಯ ಫೋಟೋ ತಂದು ದೊಡ್ಡದಾಗಿ ಪ್ರಿಂಟ್ ಕೇಳುವವರಿಗೆ ಕೊಡಲು ನನ್ನ ಬಳಿ ಉತ್ತರವಿರುವುದಿಲ್ಲ.

ಅಜ್ಜಿಯ ಸೋಬಾನೆ ಹಾಡು ಎಂಪಿ3ಯಲ್ಲಿದೆ, 128 ಇರೋದನ್ನ 320 ಮಾಡ್ಲಾ?

ಬೇಡ. ಅದೂ ತುಪ್ಪವನ್ನು ದೊಡ್ಡ ಪಾತ್ರೆಗೆ ಹಾಕಿದಂತೆಯೇ. 128, 320 ಎಂಬುವು ಹಾಡಿನ ಒಂದು ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂಬ ಲೆಕ್ಕ. ಗಾತ್ರ ಎರಡೂವರೆ ಪಟ್ಟಾಗುತ್ತದೆ, ಒಮ್ಮೆ ಹೋದ ಧ್ವನಿ ಬರುವುದಿಲ್ಲ, ಮೇಲಾಗಿ ಎರಡನೆಯ ಸಲದ ಎಂಪಿ3 ತನ್ನದೇ ನಷ್ಟವನ್ನು ಸೇರಿಸುತ್ತದೆ. ಇರುವ ಎಂಪಿ3ಯನ್ನೇ ಜೋಪಾನ ಮಾಡಿ. ಇನ್ನು ಮುಂದೆ ಅಜ್ಜಿಯನ್ನು ಕೂಡಿಸಿಕೊಂಡು ರೆಕಾರ್ಡ್ ಮಾಡುವುದಾದರೆ ವೇವ್ ಫೈಲಿನಲ್ಲಿ ಮಾಡಿ. ಸಿ.ಡಿ. ಗುಣಮಟ್ಟದ 3 ನಿಮಿಷದ ಹಾಡಿಗೆ ಅದು ಸುಮಾರು 32 ಎಂಬಿ ತಿನ್ನುತ್ತದೆ. 128ರ ಎಂಪಿ3 3 ಎಂಬಿಗೂ ಕಡಿಮೆ. ವೇವ್ ಭಾರವೆನಿಸಿದರೆ ಫ್ಲ್ಯಾಕ್‌ಗೆ ಬದಲಿಸಿ; ಗಾತ್ರ ಇಳಿಯುತ್ತದೆ, ಧ್ವನಿ ಒಂದಿಷ್ಟೂ ಕದಲುವುದಿಲ್ಲ.

### ಇನ್ನಷ್ಟು ಆಳದವು

ಪಿಡಿಎಫ್ ಮಾಡಿದ್ರೆ ಸೇಫ್ ಅಲ್ವಾ? ಅದು ಲಾಸ್‌ಲೆಸ್ ತಾನೆ?

ಪಿಡಿಎಫ್ ಒಂದು ಪೆಟ್ಟಿಗೆ. ಒಳಗೆ ಅಕ್ಷರ ಅಕ್ಷರವಾಗಿಯೇ ಇರಬಹುದು, ಜೆಪಿಜಿ ಚಿತ್ರವಾಗಿರಬಹುದು, ನಷ್ಟರಹಿತ ಚಿತ್ರವೂ ಇರಬಹುದು. ಗುರುತಿಸುವುದು ಸುಲಭ: 800 ಪ್ರತಿಶತಕ್ಕೆ ಹಿಗ್ಗಿಸಿ. ಅಂಚು ಚೂಪಾಗಿಯೇ ಉಳಿದರೆ ಅದು ಗೆರೆಯ ಸೂತ್ರ; ಮೆಟ್ಟಿಲುಮೆಟ್ಟಿಲಾಗಿ ಕಂಡರೆ ಚಿತ್ರ; ಮೆಟ್ಟಿಲಿನ ಸುತ್ತ ಕೊಳೆ ಚುಕ್ಕೆಗಳಿದ್ದರೆ ಆ ಚಿತ್ರ ಜೆಪಿಜಿಯಾಗಿ ಬಂದದ್ದು.

ಹಳೆಯ ಕ್ರಯಪತ್ರ, ಖಾತೆಯ ಕಾಗದಗಳನ್ನು ಸ್ಕ್ಯಾನ್ ಮಾಡುವವರು ಒಂದು ಪ್ರಸಂಗವನ್ನು ತಿಳಿದಿರಬೇಕು. 2013ರಲ್ಲಿ ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸೆಲ್, ಕೆಲವು ಸ್ಕ್ಯಾನರ್‌ಗಳು ಕಾಗದದಲ್ಲಿದ್ದ 6ನ್ನು 8 ಮಾಡಿ ಉಳಿಸುತ್ತಿರುವುದನ್ನು ತೋರಿಸಿದರು. ಅಲ್ಲಿ ಬಳಸಿದ್ದ ಜೆಬಿಗ್2 ಎಂಬ ವಿಧಾನ ಪುಟದಲ್ಲಿ ಒಂದೇ ತೆರನಾಗಿ ಕಾಣುವ ಅಕ್ಷರಗಳನ್ನು ಹುಡುಕಿ, ಒಂದನ್ನು ಮಾತ್ರ ಇಟ್ಟುಕೊಂಡು, ಉಳಿದೆಡೆಯೆಲ್ಲ ಅದನ್ನೇ ಅಂಟಿಸುತ್ತದೆ. ಹೋಲಿಕೆಯ ಪಟ್ಟು ಸಡಿಲವಾದರೆ 6ರ ಜಾಗಕ್ಕೆ 8 ಬಂದು ಕೂರುತ್ತದೆ. ಜೆಪಿಜಿಯ ತಪ್ಪು ಮಸುಕಾಗಿ ತನ್ನನ್ನು ತಾನೇ ತೋರಿಸಿಕೊಡುತ್ತದೆ, ಈ ತಪ್ಪು ಸ್ಫುಟವಾಗಿ ಸುಳ್ಳು ಹೇಳುತ್ತದೆ. ನಷ್ಟಗಳಲ್ಲೆಲ್ಲ ಇದನ್ನೇ ನಾನು ಹೆಚ್ಚು ಕೆಟ್ಟದ್ದೆಂದು ಎಣಿಸುತ್ತೇನೆ. ಜೆಬಿಗ್2ರಲ್ಲಿ ನಷ್ಟರಹಿತ ಬಗೆಯೂ ಇದೆ. ಆದರೂ ಕಪ್ಪುಬಿಳುಪು ದಾಖಲೆಗೆ ನಾನು ಆರಿಸುವುದು ಫ್ಯಾಕ್ಸ್ ಕಾಲದಿಂದ ಬಂದ ಗ್ರೂಪ್ 4 ಎಂಬ ನಷ್ಟರಹಿತ ವಿಧಾನವನ್ನು.

ಇಲ್ಲಿಯೂ ಒಂದು ಎಚ್ಚರಿಕೆ. ಗ್ರೂಪ್ 4 ತಾನು ಏನನ್ನೂ ಕಳೆಯುವುದಿಲ್ಲ. ಆದರೆ ಅದಕ್ಕೆ ಕೊಡುವ ಮೊದಲು ಬಣ್ಣದ ಪುಟವನ್ನು ಬರೀ ಕಪ್ಪುಬಿಳುಪು ಮಾಡುತ್ತೇವಲ್ಲ, ನೀಲಿ ಮೊಹರು, ಮಾಸಿದ ಸಹಿ ಮಾಯವಾಗುವುದು ಆ ಹೆಜ್ಜೆಯಲ್ಲಿ. ಜಿಐಎಫ್ ಕತೆಯೂ ಹೀಗೆಯೇ: ಅದರ ಅಡಕ ನಷ್ಟರಹಿತ, ಆದರೆ 256 ಬಣ್ಣಕ್ಕೆ ಇಳಿಸಿಯೇ ಒಳಗೆ ಬಿಟ್ಟುಕೊಳ್ಳುತ್ತದೆ.

ಜೆಪಿಜಿ ಕ್ವಾಲಿಟಿ 100 ಇಟ್ರೆ ಲಾಸ್‌ಲೆಸ್ ಆಗುತ್ತಲ್ವಾ?

ಆಗುವುದಿಲ್ಲ. 100 ಎಂಬುದು ಪ್ರತಿಶತವಲ್ಲ, ದುಂಡಾಗಿಸುವುದನ್ನು ಎಷ್ಟು ಕಡಿಮೆ ಮಾಡಬೇಕೆಂದು ಆಯಾ ತಂತ್ರಾಂಶ ಇಟ್ಟುಕೊಂಡ ಅಳತೆ. ಪೂರ್ತಿ ಮೇಲೆ ಇಟ್ಟರೂ ಕೆಂಪು-ಹಸಿರು-ನೀಲಿಯನ್ನು ಬೆಳಕು ಮತ್ತು ಬಣ್ಣಗಳಾಗಿ ಬದಲಿಸುವಾಗ, ಚೌಕದ ಲೆಕ್ಕಗಳನ್ನು ಪೂರ್ಣಾಂಕ ಮಾಡುವಾಗ ಚಿಲ್ಲರೆ ಕೈಬಿಡುತ್ತದೆ. ಅಕ್ಷರವಿರುವ ಚಿತ್ರವನ್ನು ಜೆಪಿಜಿ ಮಾಡಲೇಬೇಕಾದರೆ ಕ್ವಾಲಿಟಿಯ ಜೊತೆಗೆ ಸಬ್‌ಸ್ಯಾಂಪ್ಲಿಂಗ್ ಆಯ್ಕೆಯನ್ನು `4:4:4` ಮಾಡಿ. ಬಣ್ಣವೂ ಪ್ರತಿ ಚುಕ್ಕೆಗೆ ಉಳಿದು, ಕೆಂಪು ಅಕ್ಷರದ ಅಂಚಿನ ಕಂದು ಕಲೆ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ.

ಕನ್ನಡದಲ್ಲಿ ಟೈಪ್ ಮಾಡಿದ್ದ ಪಟ್ಟಿ ಪೂರ್ತಿ ಪ್ರಶ್ನೆ ಚಿಹ್ನೆ ಆಗಿದೆ, ವಾಪಸ್ ತರೋಕಾಗುತ್ತಾ?

ಪಠ್ಯಕ್ಕೆ ಮಸುಕಿನ ನಷ್ಟವಿಲ್ಲ. ಅದಕ್ಕೆ ಇರುವುದು ಉಳಿದರೆ ಪೂರ್ತಿ, ಹೋದರೆ ಪೂರ್ತಿ ಎಂಬ ನಷ್ಟ. ಯುನಿಕೋಡಿನಲ್ಲಿ ಟೈಪ್ ಮಾಡಿದ ಫೈಲನ್ನು ನೋಟ್‌ಪ್ಯಾಡಿನಲ್ಲಿ `ANSI` ಎಂದು ಆರಿಸಿ ಸೇವ್ ಮಾಡಿದರೆ, ಆ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗವೇ ಇಲ್ಲದ ಕಾರಣ ಪ್ರತಿ ಸಂಕೇತದ ಬದಲು ಒಂದು ಪ್ರಶ್ನೆ ಚಿಹ್ನೆ ಬರೆಯಲಾಗುತ್ತದೆ. ‘ದಾವಣಗೆರೆ’ ಎಂಬುದರಲ್ಲಿ ಅಕ್ಷರ ಮತ್ತು ಸ್ವರಚಿಹ್ನೆ ಸೇರಿ ಎಂಟು ಸಂಕೇತಗಳಿವೆ, ಆದ್ದರಿಂದ ಎಂಟು ಪ್ರಶ್ನೆ ಚಿಹ್ನೆ. ಸಂಕೇತಗಳ ಸಂಖ್ಯೆ ಎಂಟೇ ಇರುವ ಬೇರೆ ಯಾವ ಹೆಸರಾದರೂ ಹೀಗೆಯೇ ಕಾಣುತ್ತದೆ. ಹಿಂದಕ್ಕೆ ಹೋಗಲು ಸುಳಿವೇ ಉಳಿದಿಲ್ಲ. ಎಕ್ಸೆಲ್‌ನಿಂದ ಸಾಮಾನ್ಯ ಸಿಎಸ್‌ವಿಗೆ ಕಳಿಸಿದಾಗಲೂ ಇದೇ ಆಗುತ್ತದೆ. `CSV UTF-8` ಎಂಬ ಆಯ್ಕೆಯನ್ನು ಬಳಸಬೇಕು.

ಇದನ್ನೇ ಹೋಲುವ, ಆದರೆ ಗುಣವಾಗುವ ಕಾಯಿಲೆ ಇನ್ನೊಂದಿದೆ. ತೆರೆದಾಗ ಪ್ರಶ್ನೆ ಚಿಹ್ನೆಗಳ ಬದಲು `à²¦à²¾` ಎಂಬಂಥ ವಿಚಿತ್ರ ಅಕ್ಷರಗಳು ಕಂಡರೆ ಗಾಬರಿ ಬೇಡ. ಒಳಗಿನ ಬೈಟುಗಳು ಕ್ಷೇಮವಾಗಿವೆ, ಓದುವ ತಂತ್ರಾಂಶ ತಪ್ಪು ಪಟ್ಟಿ ಹಿಡಿದು ಓದುತ್ತಿದೆ ಅಷ್ಟೇ. ಯುಟಿಎಫ್-8 ಎಂದು ಆರಿಸಿ ಮತ್ತೆ ತೆರೆದರೆ ‘ದಾ’ ಮರಳಿ ಬರುತ್ತದೆ. ಅಲ್ಲಿಯವರೆಗೆ ಸೇವ್ ಗುಂಡಿಯನ್ನು ಒತ್ತಬಾರದು.

ನಷ್ಟ ಆಗಿಲ್ಲ ಅಂತ ಖಾತ್ರಿ ಮಾಡ್ಕೊಳ್ಳೋದು ಹೇಗೆ? ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ಲ.

ಎರಡು ಚಿತ್ರಗಳ ಚುಕ್ಕೆಗಳನ್ನು ಒಂದಕ್ಕೊಂದು ಹೋಲಿಸಬೇಕು. ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶವಿದ್ದರೆ ಒಂದು ಸಾಲು ಸಾಕು:

```
magick compare -metric AE mula.tif hosa.png null:
```

ಉತ್ತರ 0 ಬಂದರೆ ಒಂದು ಚುಕ್ಕೆಯೂ ಬದಲಾಗಿಲ್ಲ. ಬೇರೆ ಸಂಖ್ಯೆ ಬಂದರೆ ಅಷ್ಟು ಚುಕ್ಕೆಗಳು ಬದಲಾಗಿವೆ. ಎರಡೂ ಚಿತ್ರಗಳ ಅಳತೆ ಒಂದೇ ಇರಬೇಕು. ಫೈಲಿನ ಗಾತ್ರವನ್ನೋ ಅದರ ಬೈಟುಗಳಿಂದ ಲೆಕ್ಕ ಹಾಕಿದ ಹ್ಯಾಶ್ ಎಂಬ ಗುರುತನ್ನೋ ಹೋಲಿಸಿ ತೀರ್ಮಾನಿಸಬಾರದು, ಏಕೆಂದರೆ ಟಿಫ್ ಮತ್ತು ಪಿಎನ್‌ಜಿ ಬೇರೆಬೇರೆ ಕಟ್ಟುಗಳು. ಒಳಗಿನ ಚಿತ್ರ ಒಂದೇ ಆಗಿದ್ದರೂ ಹ್ಯಾಶ್ ಹೊಂದುವುದಿಲ್ಲ. ಹ್ಯಾಶ್ ಹೊಂದಬೇಕಾದದ್ದು ಜಿಪ್ ಮಾಡಿ ಬಿಚ್ಚಿದ ಫೈಲಿಗೆ ಅಥವಾ ಡಾಕ್ಯುಮೆಂಟ್ ಎಂದು ಕಳಿಸಿದ ಫೈಲಿಗೆ.

ಇದೇ ಪರೀಕ್ಷೆಯನ್ನು ಜೆಪಿಜಿ ಫೋಟೋವನ್ನು ತಿರುಗಿಸಿ, ಮತ್ತೆ ಮೊದಲಿನ ದಿಕ್ಕಿಗೇ ತಂದಾಗಲೂ ಮಾಡಿ ನೋಡಬಹುದು. ಸಾಮಾನ್ಯವಾಗಿ ತಿರುಗಿಸಿ ಸೇವ್ ಮಾಡಿದರೆ ಹೊಸ ನಷ್ಟ ಸೇರುತ್ತದೆ. ಚೌಕಗಳನ್ನು ಬಿಚ್ಚದೆಯೇ ಜಾಗ ಬದಲಿಸುವ ಜೆಪೆಗ್‌ಟ್ರಾನ್ ಎಂಬ ಸಾಧನದಲ್ಲಿ ಸೇರುವುದಿಲ್ಲ:

```
jpegtran -rotate 90 -perfect -copy all -outfile hosa.jpg hale.jpg
```

ಚಿತ್ರದ ಅಳತೆ ಚೌಕಗಳಿಗೆ ಸರಿಯಾಗಿ ಭಾಗವಾಗದಿದ್ದರೆ `-perfect` ಇರುವುದರಿಂದ ಅದು ಕೆಲಸ ಮಾಡಲು ನಿರಾಕರಿಸುತ್ತದೆ. ಹಾಗಾದಾಗ ಮೂಲವನ್ನು ಮುಟ್ಟದೆ ಬಿಟ್ಟು, ತಿರುಗಿಸಿದ ಪ್ರತಿಯನ್ನು ಪಿಎನ್‌ಜಿಯಾಗಿ ಬೇರೆ ಹೆಸರಿನಲ್ಲಿ ಉಳಿಸುವುದು ನಮ್ಮ ಅಂಗಡಿಯ ಪದ್ಧತಿ.